ಟ್ರೆಂಡ್‌ಗೆ ಕೈ ಹಾಕೋ ಮುಂಚೆ ಏನೇನು ನೋಡ್ತೀರಿ? ಇರೋದು ಒಂದೇ ಗಂಟೆ ಅಂದ್ಕೊಳ್ಳಿ

ಡಿಕಾಕ್ಷನ್_ಡೆಸ್ಕ್

ಮೂರು ಅಂಗಡಿ, ಜತೆಗೆ ಆನ್‌ಲೈನ್ ಮಾರಾಟ ಇರೋ ಒಂದು ಫಿಲ್ಟರ್ ಕಾಫಿ ಪುಡಿ ಕಂಪನಿಯ ಇನ್‌ಸ್ಟಾಗ್ರಾಮ್, ಎಕ್ಸ್ ಎರಡನ್ನೂ ನೋಡ್ಕೊಳ್ತೀನಿ. ತಂಡ ಅಂದ್ರೆ ನಾನು, ಒಬ್ಬ ಡಿಸೈನರ್ ಅಷ್ಟೇ. ಏನಾದ್ರೂ ಟ್ರೆಂಡ್ ಆದ ತಕ್ಷಣ ಮಾಲೀಕರ ಫೋನ್ ಬರುತ್ತೆ: "ಎಲ್ರೂ ಹಾಕಿದಾರೆ, ನಮ್ದೆಲ್ಲಿ?"

ಅದಕ್ಕೇ ಒಂದು ಅಂಕಪಟ್ಟಿ ಮಾಡ್ಕೊಂಡಿದ್ದೀನಿ. ನಮ್ಮ ಬ್ರ್ಯಾಂಡ್‌ಗೆ ಹೊಂದುತ್ತಾ, ತಮಾಷೆ ಇದೆಯಾ, ಬೇಗ ಮಾಡೋಕಾಗುತ್ತಾ, ಕಾನೂನಿನ ತೊಂದರೆ ಇಲ್ವಾ, ಯಾರಿಗೂ ನೋವಾಗಲ್ವಾ. ಒಂದೊಂದಕ್ಕೆ 5 ಅಂಕ. 25ಕ್ಕೆ 18 ಬಂದ್ರೆ ಹಾಕೋದು. ಇದು ಸರಿಯಾದ ದಾರಿನಾ? ಸುಮ್ನೆ ಮಾತಿಗೆ ಮಾತು ಬೇಡ, 2025ರ ಜೂನ್ 3ರ ರಾತ್ರಿ ಆರ್‌ಸಿಬಿ ಕಪ್ ಗೆದ್ದಿದ್ದನ್ನೇ ಉದಾಹರಣೆ ಇಟ್ಕೊಂಡು ಹೇಳಿ. ಆ ಜಾಗದಲ್ಲಿ ನಾವಿದ್ರೆ ಏನು ಮಾಡ್ಬೇಕಿತ್ತು?

ರೀಚ್‌ರಾಜ

ಅಂಕ ಕೂಡಿಸೋ ಹೊತ್ತಿಗೆ ಟ್ರೆಂಡ್ ಮುಗಿದು ತಿಥಿ ಊಟಾನೂ ಆಗಿರುತ್ತೆ. ಓರಿಯೋ ಬಿಸ್ಕತ್ತಿನವರದ್ದು ನೋಡಿ. 2013ರ ಸೂಪರ್ ಬೌಲ್ ಪಂದ್ಯದ ಮಧ್ಯೆ ಸ್ಟೇಡಿಯಂನಲ್ಲಿ ಕರೆಂಟ್ ಹೋಯ್ತು, ಇವರು ಕತ್ತಲಲ್ಲೂ ಬಿಸ್ಕತ್ತು ಅದ್ದಿ ತಿನ್ನಬಹುದು ಅಂತ ಒಂದು ಟ್ವೀಟ್ ಬಿಟ್ಟರು. ಇವತ್ತಿಗೂ ಜನ ಅದನ್ನೇ ಹೇಳ್ತಾರೆ. ಹಾಕೋದು ಮೊದಲು, ಯೋಚನೆ ಆಮೇಲೆ. ಬೇಡ ಅನಿಸಿದ್ರೆ ಡಿಲೀಟ್ ಮಾಡಿದ್ರಾಯ್ತು.

ಹಳೇಕಾಪಿರೈಟರ್

ರಾಜಣ್ಣ, ಓರಿಯೋ ಕಥೆಯ ಅರ್ಧ ಮಾತ್ರ ಹೇಳಿದ್ರಿ. ಕರೆಂಟ್ ಹೋಗಿದ್ದು 34 ನಿಮಿಷ. ಅಷ್ಟರೊಳಗೆ ಟ್ವೀಟ್ ಬಂದಿದ್ದು ಯಾರೋ ಯೋಚನೆ ಮಾಡದೆ ಹಾಕಿದ್ದಕ್ಕಲ್ಲ. ಬರೆಯೋರು, ಚಿತ್ರ ಮಾಡೋರು, ಒಪ್ಪಿಗೆ ಕೊಡೋ ಬ್ರ್ಯಾಂಡಿನವರು ಎಲ್ಲರೂ ಪಂದ್ಯಕ್ಕಾಗಿ ಮುಂಚೆಯೇ ಒಟ್ಟಿಗೆ ಕೂತಿದ್ದರು. ವೇಗ ಬಂದಿದ್ದು ಒಪ್ಪಿಗೆ ಕೊಡೋ ಮನುಷ್ಯ ಪಕ್ಕದಲ್ಲೇ ಇದ್ದಿದ್ದರಿಂದ. ಮತ್ತೆ ವಿಷಯ ನೋಡಿ: ಕರೆಂಟ್ ಹೋಗಿದೆ, ಯಾರಿಗೂ ಏಟಾಗಿಲ್ಲ, ಅದರಲ್ಲಿ ಯಾರ ಮುಖವೂ ಇಲ್ಲ, ಯಾರ ಲೋಗೋನೂ ಇಲ್ಲ. ಅದಕ್ಕಿಂತ ಸುಲಭದ ಟ್ರೆಂಡ್ ಸಿಗೋದು ಕಷ್ಟ.

ಡೆಸ್ಕ್ ಅವರಿಗೆ: ನಿಮ್ಮ ಅಂಕಪಟ್ಟಿಯ ದೋಷ ಅಂಕಗಳಲ್ಲಿಲ್ಲ, ಕೂಡಿಸೋದರಲ್ಲಿದೆ. ಹೊಂದಾಣಿಕೆ 5, ತಮಾಷೆ 5, ವೇಗ 5, ಕಾನೂನು 4, ನೋವಿನ ವಿಷಯಕ್ಕೆ ಸೊನ್ನೆ ಅಂದ್ಕೊಳ್ಳಿ. ಒಟ್ಟು 19. ನಿಮ್ಮ ಲೆಕ್ಕದಲ್ಲಿ ಪಾಸ್! ಆದ್ರೆ ಅಂಥ ಪೋಸ್ಟೇ ಮಾರನೇ ದಿನ ಕ್ಷಮಾಪಣೆ ಬರೆಸೋದು. ತಮಾಷೆ ಚೆನ್ನಾಗಿದೆ ಅನ್ನೋದು ನೋವನ್ನ ಸರಿದೂಗಿಸಲ್ಲ, ಇನ್ನೂ ಹೆಚ್ಚು ಜನಕ್ಕೆ ತಲುಪಿಸುತ್ತೆ. ಆದ್ದರಿಂದ ಮೊದಲು ಮೂರು ಪ್ರಶ್ನೆ, ಯಾವುದಕ್ಕಾದ್ರೂ ಉತ್ತರ ಕೆಟ್ಟದಾಗಿದ್ರೆ ಅಲ್ಲಿಗೇ ಕೈಬಿಡಿ. ಈ ಮಾತು ಹುಟ್ಟಿದ್ದು ಎಲ್ಲಿಂದ? ಇದರಲ್ಲಿ ಬೇರೆಯವರ ಸೊತ್ತು ಏನಿದೆ? ನಮ್ಮ ಪೋಸ್ಟ್ ಜನರ ಕಣ್ಣಿಗೆ ಬೀಳ್ತಾ ಇರೋ ಹೊತ್ತಿಗೆ ಈ ಸಂಗತಿ ಬೇರೆ ಕಡೆಗೆ ತಿರುಗಬಹುದಾ? ಮೂರೂ ದಾಟಿದ ಮೇಲೆ ತಮಾಷೆ, ಹೊಂದಾಣಿಕೆಗೆ ಬೇಕಾದ್ರೆ ಅಂಕ ಕೊಡಿ.

ಹಾಕದೇ ಇದ್ರೆ ಕಾಫಿ ಪುಡಿ ಕಂಪನಿಗೆ ಆಗೋ ನಷ್ಟ ಬಹುತೇಕ ಸೊನ್ನೆ, ಮಾಲೀಕರ ಒಂದು ಬೈಗುಳ ಬಿಟ್ರೆ. "ಯಾಕೆ ಹಾಕಬಾರದು" ಅಂತ ಕಾರಣ ಹುಡುಕಬೇಡಿ, "ಯಾಕೆ ಹಾಕಬೇಕು" ಅಂತ ಹಾಕೋರೇ ಹೇಳಲಿ.

ಡಿಕಾಕ್ಷನ್_ಡೆಸ್ಕ್

19ರ ಲೆಕ್ಕ ನೋಡಿ ಬೆವರು ಬಂತು. ಸರಿ, ಎಲ್ಲಿಂದ ಹುಟ್ಟಿದ್ದು ಅಂತ ಒಂದು ಗಂಟೆಯಲ್ಲಿ ಹೇಗೆ ಗೊತ್ತಾಗುತ್ತೆ? ಹ್ಯಾಶ್‌ಟ್ಯಾಗ್ ಒತ್ತಿದ್ರೆ ಬರೋದೆಲ್ಲ ಬೇರೆ ಬ್ರ್ಯಾಂಡ್‌ಗಳ ಪೋಸ್ಟೇ.

ಹಳೇಕಾಪಿರೈಟರ್

ಅದಕ್ಕೇ ಮೊದಲ ಪುಟ ನಂಬಬಾರದು. ಎಕ್ಸ್‌ನಲ್ಲಿ ಹುಡುಕಿದಾಗ ತೆರೆದುಕೊಳ್ಳೋದು Top. ಅಲ್ಲಿ ಕಾಣೋದು ಮೂಲ ಅಲ್ಲ, ಆಮೇಲೆ ಬಂದು ಹೆಚ್ಚು ಲೈಕ್ ತಗೊಂಡವು. Latest ಒತ್ತಿ, ತಾರೀಖು ಹಾಕಿ ಹಿಂದಕ್ಕೆ ಹೋಗಿ. ಹುಡುಕೋ ಜಾಗದಲ್ಲಿ ಹೀಗೆ ಟೈಪ್ ಮಾಡಿ:

```
ಆ_ಪದ since:2025-06-02 until:2025-06-04
ಆ_ಪದ lang:kn min_faves:200
```

ಮೊದಲನೇ ಸಾಲು ಆ ಎರಡು ದಿನದ್ದನ್ನ ಮಾತ್ರ ತೋರಿಸುತ್ತೆ. ಕೊನೇ ತಾರೀಖು ಸೇರಲ್ಲ, ಜೂನ್ 4ರದ್ದೂ ಬೇಕಾದ್ರೆ 05 ಅಂತ ಹಾಕ್ಬೇಕು. ಎರಡನೇದು ಕನ್ನಡದಲ್ಲಿ ಜನ ಒಪ್ಪಿಕೊಂಡ ಪೋಸ್ಟ್‌ಗಳನ್ನ ತೋರಿಸುತ್ತೆ. ಬ್ರ್ಯಾಂಡ್‌ಗಳನ್ನ ಬಿಟ್ಟು ಸಾಮಾನ್ಯ ಜನ ಬರೆದಿದ್ದು ಕನಿಷ್ಠ 30 ಓದಿ. ಹತ್ತು ನಿಮಿಷದ ಕೆಲಸ.

ಆ ಹತ್ತು ನಿಮಿಷ ಬಿಟ್ರೆ ಏನಾಗುತ್ತೆ ಅನ್ನೋದಕ್ಕೆ ಡಿಜೋರ್ನೋ ಅನ್ನೋ ಅಮೆರಿಕದ ಪಿಜ್ಜಾ ಬ್ರ್ಯಾಂಡ್ ಸಾಕ್ಷಿ. 2014ರ ಸೆಪ್ಟೆಂಬರ್‌ನಲ್ಲಿ #WhyIStayed ಟ್ರೆಂಡ್ ಆಗಿತ್ತು. ಇವರು "ಪಿಜ್ಜಾ ಇತ್ತಲ್ಲ, ಅದಕ್ಕೇ" ಅನ್ನೋ ಅರ್ಥದಲ್ಲಿ ಬರೆದರು. ಆ ಹ್ಯಾಶ್‌ಟ್ಯಾಗಿನಲ್ಲಿ ಹೆಂಗಸರು ಬರೀತಾ ಇದ್ದಿದ್ದು ಹೊಡೆಯೋ ಗಂಡನ ಜೊತೆ ಯಾಕೆ ಉಳಿದೆವು ಅಂತ. ತಕ್ಷಣ ಅಳಿಸಿ, ಹ್ಯಾಶ್‌ಟ್ಯಾಗ್ ಯಾವುದರ ಬಗ್ಗೆ ಅಂತ ನೋಡದೆ ಹಾಕಿದೆವು ಅಂತ ಒಪ್ಪಿಕೊಂಡರು, ಬೈದವರಿಗೆ ಒಬ್ಬೊಬ್ಬರಿಗೇ ಕ್ಷಮೆ ಕೇಳಿದರು. ಹನ್ನೊಂದು ವರ್ಷ ದಾಟಿದರೂ ಆ ಸ್ಕ್ರೀನ್‌ಶಾಟ್ ಓಡಾಡ್ತಾನೇ ಇದೆ. "ಡಿಲೀಟ್ ಮಾಡಿದ್ರಾಯ್ತು" ಅನ್ನೋರಿಗೆ ಇಷ್ಟು ಸಾಕು.

ಧಾರವಾಡ_ಪೇಢೆ

ಅಲ್ರೀ, ಹುಟ್ಟಿದ್ದೆಲ್ಲಿ ಅಂತ ನೋಡೂದ ಅಷ್ಟ ಅಲ್ಲ, ಯಾರ ಬಾಯಾಗಿನ ಮಾತು ಅಂತನೂ ನೋಡ್ಬೇಕ್ರಿ. ಬೆಂಗಳೂರ ಪೇಜಿನವರು ಮೀಮ್ ಮಾಡ್ತಾರ, "ಏನ್ ಮಗಾ, ಕುಡೀತೀಯಾ ಇಲ್ವಾ" ಅಂತ. ದೋಸ್ತರ ನಡುವ ಚಂದ. ಕಂಪನಿ ಗಿರಾಕಿಗೆ ಅಂದ್ರ? ನಮ್ಮ ಕಡೆ ಅಂಗಡಿಯಾವ ಸಣ್ಣ ಹುಡುಗಗೂ "ಏನ್ ಬೇಕ್ರೀ" ಅಂತಾನ. ಏಕವಚನದ ಮೀಮ್ ಹಾಕಿದ್ರ ಕೆಳಗ ಕಮೆಂಟಿನ್ಯಾಗ "ಮರ್ಯಾದಿ ಕೊಟ್ಟು ಮಾತಾಡ್ರಿ" ಅಂತ ಬರತಾವ, ನಗು ಅಲ್ಲೇ ಸತ್ತು ಹೋಗ್ತದ.

ಇನ್ನೊಂದು. ಹಿಂದಿ ಮೀಮ್ ತಗೊಂಡು ಹಂಗ ಕನ್ನಡಕ್ಕ ತಿರುವಿ ಹಾಕ್ತಾರಲ್ಲ, ಅದು ಯಾರ ಊರಿಂದೂ ಅಲ್ಲ. ಓದಿದ ಕೂಡ್ಲೆ ಗೊತ್ತಾಗ್ತದ.

ಹಳೇಕಾಪಿರೈಟರ್

ಪೇಢೆಯವರ ಮಾತಿಗೆ ಒಂದು ಸೇರಿಸ್ತೀನಿ. ಭಾಷೆಯ ವಿಷಯವೇ ಟ್ರೆಂಡ್ ಆದಾಗ, ಅದು ವರ್ಷಕ್ಕೆ ಎರಡು ಮೂರು ಸಲ ಆಗೇ ಆಗುತ್ತೆ, ಕನ್ನಡಾಭಿಮಾನದ ಪೋಸ್ಟ್ ಹಾಕೋ ಮುಂಚೆ ಪೋಸ್ಟ್ ಬಿಟ್ಟು ಅಂಗಡಿ ನೋಡಿ. 2024ರಲ್ಲಿ ತಿದ್ದುಪಡಿಯಾದ ಕಾಯ್ದೆ ಪ್ರಕಾರ ನಾಮಫಲಕದಲ್ಲಿ ಶೇ. 60 ಕನ್ನಡ ಇರಬೇಕು. ನಿಮ್ಮ ಬೋರ್ಡ್ ಹಾಗಿದೆಯಾ? ಪುಡಿ ಪ್ಯಾಕೆಟ್ ಮೇಲೆ ಕನ್ನಡ ಇದೆಯಾ? ಗ್ರಾಹಕ ಸೇವೆಗೆ ಫೋನ್ ಮಾಡಿದ್ರೆ ಕನ್ನಡದಲ್ಲಿ ಉತ್ತರ ಸಿಗುತ್ತಾ? ಇಲ್ಲ ಅಂದ್ರೆ ಮೊದಲ ಕಮೆಂಟೇ ನಿಮ್ಮ ಬೋರ್ಡಿನ ಫೋಟೋ ಆಗಿರುತ್ತೆ. ಈ ತಪಾಸಣೆ ಟ್ರೆಂಡ್ ಬಂದ ರಾತ್ರಿ ಮಾಡೋಕಾಗಲ್ಲ, ಇವತ್ತೇ ಮಾಡಿಡಿ.

ದಾವಣಗೆರೆ_ಬೇಕ್ಸ್

ನಂದೂ ಇದೇ ಪ್ರಶ್ನೆ ಸರ್. ಕಪ್ ಗೆದ್ದಾಗ ಆರ್‌ಸಿಬಿ ಲೋಗೋ ಇರೋ ಕೇಕ್ ಕೇಳ್ಕೊಂಡು ತುಂಬಾ ಜನ ಬರ್ತಾರೆ. ಎಡಿಬಲ್ ಶೀಟ್ ಮೇಲೆ ಪ್ರಿಂಟ್ ಹಾಕೋದಾ ಅಥವಾ ಫಾಂಡೆಂಟ್‌ನಲ್ಲಿ ಕೈಯಲ್ಲೇ ಮಾಡೋದಾ? ಪ್ರಿಂಟ್ ಆದ್ರೆ ಕೆಂಪು ಬಣ್ಣ ಕ್ರೀಮ್‌ಗೆ ಬಿಟ್ಕೊಳ್ಳುತ್ತೆ.

ಕರಾರುಪತ್ರ

ಮೇಡಂ, ಕೆಂಪು ಬಣ್ಣ ಬಿಟ್ಟುಕೊಳ್ಳೋದಕ್ಕೆ ನನ್ನ ಹತ್ರ ಔಷಧಿ ಇಲ್ಲ. ಆದ್ರೆ ಲೋಗೋ ವಿಷಯ ಇಲ್ಲಿ ಕೆಲಸಕ್ಕೆ ಬರುತ್ತೆ. ಲೋಗೋ ಇರೋ ಕೇಕ್ ಮಾರೋದು ಬೇರೆಯವರ ಟ್ರೇಡ್‌ಮಾರ್ಕ್ ಹಾಕಿ ಸರಕು ಮಾರಿದ ಹಾಗೆ. ಯಾರೋ ಒಬ್ಬರು ಹುಟ್ಟಿದಹಬ್ಬಕ್ಕೆ ಮಾಡಿಸ್ಕೊಂಡಿದ್ದನ್ನ ಹುಡುಕಿಕೊಂಡು ಯಾರೂ ಬರಲಿಕ್ಕಿಲ್ಲ. ಅದೇ ಕೇಕಿನ ಫೋಟೋ ಹಾಕಿ "ಕಪ್ ಸ್ಪೆಷಲ್, ಕೆ.ಜಿ.ಗೆ ಇಷ್ಟು" ಅಂತ ನಿಮ್ಮ ಪೇಜಲ್ಲಿ ಹಾಕಿದ ಕ್ಷಣ ಜಾಹೀರಾತಾಗುತ್ತೆ. ಬರೀ ಕೆಂಪು ಕೇಕ್, ಮೇಲೊಂದು ಕಪ್ಪಿನ ಆಕಾರ ಮಾಡಿ.

ಈಗ ಕಾಫಿ ಪುಡಿಯವರ ಪ್ರಶ್ನೆ. ಜನ ಅಂದ್ಕೊಂಡಿರೋದು "ಅಭಿನಂದನೆ ಹೇಳಿದ್ರೆ ಯಾರು ಬೇಡ ಅಂತಾರೆ" ಅಂತ. 2021ರ ಆಗಸ್ಟ್‌ನಲ್ಲಿ ಪಿ.ವಿ. ಸಿಂಧು ಟೋಕಿಯೋದಲ್ಲಿ ಕಂಚು ಗೆದ್ದಾಗ ಹತ್ತಾರು ಬ್ರ್ಯಾಂಡ್‌ಗಳು ಅವರ ಚಿತ್ರ, ಹೆಸರು, ತಮ್ಮ ಲೋಗೋ ಸೇರಿಸಿ ಅಭಿನಂದನೆ ಹಾಕಿದವು. ಅವರ ವ್ಯವಹಾರ ನೋಡ್ಕೊಳ್ಳೋ ಬೇಸ್‌ಲೈನ್ ವೆಂಚರ್ಸ್ ಸುಮಾರು 20 ಬ್ರ್ಯಾಂಡ್‌ಗಳ ಮೇಲೆ ಕ್ರಮಕ್ಕೆ ಹೊರಟಿತು, ತಲಾ 5 ಕೋಟಿ ರೂಪಾಯಿ ಪರಿಹಾರದ ಮಾತು ಬಂತು. ಅದು ಕೇಳಿದ ಮೊತ್ತ, ಕೋರ್ಟ್ ಕೊಡಿಸಿದ್ದಲ್ಲ. ಆದ್ರೆ ವಾದ ಸರಳ: ಅದೇ ಜಾಗಕ್ಕೆ ದುಡ್ಡು ಕೊಟ್ಟ ಪ್ರಾಯೋಜಕರಿದ್ದಾರೆ, ನೀವು ಪುಕ್ಕಟೆ ಅದರ ಪ್ರಯೋಜನ ತಗೊಂಡ್ರಿ. ಜಾಹೀರಾತು ಗುಣಮಟ್ಟ ಮಂಡಳಿಯ ಸಂಹಿತೆಯಲ್ಲೂ, ಅನುಮತಿ ಇಲ್ಲದೆ ಒಬ್ಬ ವ್ಯಕ್ತಿಯನ್ನ ಉಲ್ಲೇಖಿಸಿ ಅನುಚಿತ ಲಾಭ ಪಡೀಬಾರದು ಅಂತಿದೆ.

ಮೀಮ್ ಟೆಂಪ್ಲೇಟ್‌ಗೂ ಇದೇ ಅನ್ವಯ. ನಟರ ಮುಖ ಇರೋ ಫ್ರೇಮ್ ಅಂದ್ರೆ ಎರಡು ಹಕ್ಕು: ಮುಖ ನಟರದ್ದು, ಫ್ರೇಮ್ ನಿರ್ಮಾಪಕರದ್ದು. ಅನಿಲ್ ಕಪೂರ್ ಪ್ರಕರಣದಲ್ಲಿ 2023ರಲ್ಲಿ ದೆಹಲಿ ಹೈಕೋರ್ಟ್ ಹೆಸರು, ಮುಖದ ಜತೆ "ಝಕಾಸ್" ಅನ್ನೋ ಅವರ ಮಾತಿಗೂ ರಕ್ಷಣೆ ಕೊಟ್ಟಿತು. ಸಾಮಾನ್ಯ ಟ್ರೋಲ್ ಪೇಜ್ ಮಾಡಿದಾಗ ಸುಮ್ಮನಿರೋರು, ಕೆಳಗೆ ಕಂಪನಿ ಲೋಗೋ ಇದ್ರೆ ಸುಮ್ಮನಿರಲ್ಲ. ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ ವಿಮರ್ಶೆ, ವರದಿ ಮುಂತಾದ್ದಕ್ಕೆ ವಿನಾಯಿತಿ ಇದೆ. ಪುಡಿ ಮಾರೋದು ಅದರೊಳಗೆ ಬರುತ್ತೆ ಅಂತ ವಾದಿಸೋದು ಕಷ್ಟ.

ರೀಚ್‌ರಾಜ

ಸಾರ್, ಹೆದರಿಸ್ತಾ ಇದೀರಿ. ಊಬರ್‌ನವರು ಆರ್‌ಸಿಬಿ ಹೆಸರನ್ನೇ ತಿರುಚಿ ಜಾಹೀರಾತು ಮಾಡಿ ಗೆದ್ದರಲ್ಲ?

ಕರಾರುಪತ್ರ

ಗೆದ್ದಿದ್ದು ಏನನ್ನ ಅಂತ ನೋಡಿ. ಟ್ರಾವಿಸ್ ಹೆಡ್ ಇರೋ ಆ ಜಾಹೀರಾತಿನ ಮೇಲೆ ಆರ್‌ಸಿಬಿಯವರು ಮಧ್ಯಂತರ ತಡೆ ಕೇಳಿದ್ದರು, 2025ರ ಮೇ ತಿಂಗಳಲ್ಲಿ ದೆಹಲಿ ಹೈಕೋರ್ಟಿನ ಏಕಸದಸ್ಯ ಪೀಠ ಕೊಡಲಿಲ್ಲ. ಕ್ರಿಕೆಟ್ ಜಾಹೀರಾತಿನ ತಮಾಷೆಯಲ್ಲಿ ಆ ಹಂತದಲ್ಲೇ ಕೈಹಾಕೋ ಅಗತ್ಯ ಕಾಣಲಿಲ್ಲ ಅಂತ. ಪದಗಳ ಆಟಕ್ಕೆ ಜಾಗ ಇದೆ ಅಂತ ನೀವು ಹೇಳೋದು ಸರಿ. ಆದ್ರೆ ಅವರ ಹತ್ರ ದೆಹಲಿಯಲ್ಲಿ ವಾದಿಸೋ ವಕೀಲರ ತಂಡ ಇತ್ತು. ಮೂರಂಗಡಿ ಕಂಪನಿಗೆ ನೋಟಿಸ್‌ಗೆ ಉತ್ತರ ಬರೆಸೋ ಖರ್ಚೇ ಆ ಪೋಸ್ಟಿನಿಂದ ಬಂದ ಲಾಭಕ್ಕಿಂತ ದೊಡ್ಡದು. ಕೇಸ್ ಗೆಲ್ತೀನಾ ಅನ್ನೋದು ನಿಮ್ಮ ಪ್ರಶ್ನೆ ಅಲ್ಲ, ನೋಟಿಸ್ ಬರೋ ಥರ ಇದೆಯಾ ಅನ್ನೋದು ಪ್ರಶ್ನೆ.

ಹಳೇಕಾಪಿರೈಟರ್

ಸರಿ, ಜೂನ್ 3ಕ್ಕೆ ಬರೋಣ. ಡೆಸ್ಕ್ ಕೇಳಿದ್ದೇ ಅದು.

ಮ್ಯಾಚ್ ಯಾವಾಗ ಅಂತ ಗೊತ್ತು, ಫಲಿತಾಂಶ ಗೊತ್ತಿಲ್ಲ. ಇಂಥದ್ದಕ್ಕೆ ಸಂಜೆಯೇ ಎರಡು ಪೋಸ್ಟ್ ಮಾಡಿಡಬೇಕು, ಗೆದ್ದರೆ ಒಂದು, ಸೋತರೆ ಒಂದು. ಎರಡೂ ಡ್ರಾಫ್ಟ್‌ನಲ್ಲಿ. ಶೆಡ್ಯೂಲ್ ಮಾತ್ರ ಮಾಡಬೇಡಿ. 2019ರ ಸೆಪ್ಟೆಂಬರ್ 7ರ ನಸುಕಿನಲ್ಲಿ ವಿಕ್ರಮ್ ಲ್ಯಾಂಡರ್ ಸಂಪರ್ಕ ಕಡಿದುಹೋಯ್ತಲ್ಲ, ಆ ಹೊತ್ತಿಗೆ ಅಭಿನಂದನೆ ಶೆಡ್ಯೂಲ್ ಮಾಡಿಟ್ಟು ಮಲಗಿದವರ ಪಾಡು ಯೋಚಿಸಿ.

ಗೆದ್ದ ಪೋಸ್ಟ್ ಹೇಗಿರಬೇಕು? ಲೋಗೋ ಇಲ್ಲ, ಜೆರ್ಸಿ ಇಲ್ಲ, ಆಟಗಾರರ ಮುಖ, ಹೆಸರು ಇಲ್ಲ, ಐಪಿಎಲ್ ಅನ್ನೋ ಪದವೂ ಇಲ್ಲ. ಹಾಗಾದ್ರೆ ಉಳಿಯೋದೇನು? ನಿಮ್ಮದೇ ಸರಕು. ಫಿಲ್ಟರ್‌ನಿಂದ ಹನಿ ಹನಿಯಾಗಿ ಇಳಿಯೋ ಚಿತ್ರ, ಅದರ ಮೇಲೆ "ಡಿಕಾಕ್ಷನ್ ಇಳಿಯೋಕೆ 18 ವರ್ಷ ಆಯ್ತು." ಅಷ್ಟೇ. ಹದಿನೆಂಟನೇ ಸೀಸನ್‌ನಲ್ಲಿ ಮೊದಲ ಕಪ್ ಅನ್ನೋದು ಬೆಂಗಳೂರಿನ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಇನ್ನೊಂದು ಪರೀಕ್ಷೆಯೂ ಇದರಲ್ಲಿದೆ: ಈ ಸಾಲನ್ನ ಸೋಪಿನ ಕಂಪನಿ ಹಾಕೋಕಾಗಲ್ಲ. ನಿಮ್ಮ ಲೋಗೋ ತೆಗೆದು ಪಕ್ಕದ ಅಂಗಡಿಯ ಲೋಗೋ ಇಟ್ರೂ ಪೋಸ್ಟ್ ನಡೆಯುತ್ತೆ ಅಂದ್ರೆ, ಆ ಟ್ರೆಂಡಿನಲ್ಲಿ ನಿಮಗೆ ಕೆಲಸ ಇರಲಿಲ್ಲ ಅಂತ ಅರ್ಥ.

ಅಹಮದಾಬಾದಿನಲ್ಲಿ ಪಂಜಾಬ್ ಮೇಲೆ 6 ರನ್ನಿಂದ ಗೆದ್ದಾಗ ರಾತ್ರಿ ಹನ್ನೊಂದು ದಾಟಿತ್ತು. ಡ್ರಾಫ್ಟ್ ಸಿದ್ಧ ಇದ್ದವರು ಐದು ನಿಮಿಷದಲ್ಲಿ ಹಾಕಬಹುದಿತ್ತು. ಅಲ್ಲಿವರೆಗೆ ಅಪಾಯ ಕಡಿಮೆ.

ಮಾರನೇ ದಿನ ಬೆಳಿಗ್ಗೆ ಸನ್ನಿವೇಶವೇ ಬೇರೆ. ಮೆರವಣಿಗೆ ಮಾತು ಬಂತು, ಊರೆಲ್ಲ ಹೊರಟಿತು. ಆಗ ಮಾಲೀಕರು "ಸ್ಟೇಡಿಯಂ ಹತ್ರ ಮೊದಲ 500 ಜನಕ್ಕೆ ಉಚಿತ ಕಾಫಿ ಅಂತ ಹಾಕಿ" ಅಂದ್ರು ಅಂದ್ಕೊಳ್ಳಿ. ಇದು ಮೀಮ್ ಅಲ್ಲ, ಜನ ಸೇರಿಸೋ ಕರೆ. ರಾತ್ರಿಯ ಪೋಸ್ಟ್ ಕೆಟ್ಟರೆ ಮರ್ಯಾದೆ ಹೋಗುತ್ತೆ, ಇದು ಕೆಟ್ಟರೆ ಮನುಷ್ಯರಿಗೆ ಏಟಾಗುತ್ತೆ. ಪೊಲೀಸ್ ಅನುಮತಿ ಕೈಯಲ್ಲಿಲ್ಲದೆ ಜಾಗ, ಹೊತ್ತು, ಉಚಿತ ಈ ಮೂರನ್ನ ಒಂದೇ ಪೋಸ್ಟಲ್ಲಿ ಬರೀಲೇಬಾರದು. ಅವತ್ತು ಸಂಜೆಯೊಳಗೆ ಚಿನ್ನಸ್ವಾಮಿ ಗೇಟುಗಳ ಬಳಿಯ ಕಾಲ್ತುಳಿತದಲ್ಲಿ 11 ಜನ ಸತ್ತರು. ತಂಡದವರೇ ಸಾಮಾಜಿಕ ಜಾಲತಾಣದಲ್ಲಿ ಜನರನ್ನ ಕರೆದಿದ್ದು ಆಮೇಲೆ ಸರ್ಕಾರದ ವರದಿಯಲ್ಲೂ, ಕೋರ್ಟಿನಲ್ಲೂ ಚರ್ಚೆಗೆ ಬಂತು.

ಮೂರನೇ ಪ್ರಶ್ನೆ ಅಂದ್ನಲ್ಲ, ಸಂಗತಿ ತಿರುಗಬಹುದಾ ಅಂತ, ಅದು ಇದೇ. ರಾತ್ರಿ 11:30ಕ್ಕೆ ಸರಿ ಇದ್ದ ಸಾಲು ಮರುದಿನ ಸಂಜೆ 5:30ಕ್ಕೆ ಅದೇ ಸಾಲಾಗಿ ಉಳಿದಿರಲಿಲ್ಲ. ಒಂದಕ್ಷರ ಬದಲಾಗಿಲ್ಲ, ಓದೋರ ಮನಸ್ಸು ಬದಲಾಗಿದೆ.

ಡಿಕಾಕ್ಷನ್_ಡೆಸ್ಕ್

ಸಂಜೆ 5:30ಕ್ಕೆ ಸುದ್ದಿ ಬಂತು, ನಾನೊಬ್ಬನೇ ಇದ್ದೀನಿ. ಮೊದಲು ಏನು ಮುಟ್ಟಲಿ?

ಹಳೇಕಾಪಿರೈಟರ್

ದುಡ್ಡು ಕೊಟ್ಟು ಓಡಿಸ್ತಾ ಇರೋದನ್ನ ಮೊದಲು. ರಾತ್ರಿಯ ಪೋಸ್ಟ್ ಬೂಸ್ಟ್ ಮಾಡಿದ್ರೆ ಅದು ಈಗಲೂ ಹೊಸಬರ ಮುಂದೆ ಹೋಗಿ ನಿಲ್ತಾ ಇರುತ್ತೆ, ಫೀಡ್‌ನಲ್ಲಿ ಕೆಳಗೆ ಹೋಗಿದೆ ಅಂತ ನೀವು ಮರೆತಿರ್ತೀರಿ. Ads Manager ತೆರೆದು ಆ ಕ್ಯಾಂಪೇನಿನ ಸ್ವಿಚ್ ಆರಿಸಿ. ಪುಡಿಯ ಮಾಮೂಲಿ ಜಾಹೀರಾತಿನಲ್ಲೂ "ಸಂಭ್ರಮ", "ಹಬ್ಬ" ಅಂತೆಲ್ಲ ಇದ್ರೆ ಅದನ್ನೂ.

ಆಮೇಲೆ Meta Business Suite ನ Planner. ಮುಂದಿನ 48 ಗಂಟೆಗೆ ಶೆಡ್ಯೂಲ್ ಆಗಿರೋದನ್ನೆಲ್ಲ ಡ್ರಾಫ್ಟ್‌ಗೆ ಹಾಕಿ. ಡಿಲೀಟ್ ಮಾಡಬೇಡಿ, ಮತ್ತೆ ಬೇಕಾಗುತ್ತೆ. ಎಕ್ಸ್‌ನಲ್ಲಿ ಶೆಡ್ಯೂಲ್ ಆಗಿದ್ದು ಅಲ್ಲಿ ಕಾಣಲ್ಲ, ಅದನ್ನ ಬೇರೆ ನೋಡಬೇಕು.

ಎಲ್ಲರೂ ಮರೆಯೋದು ಮೂರನೇದನ್ನ: ವಾಟ್ಸಾಪ್ ಬ್ರಾಡ್‌ಕಾಸ್ಟ್, ಎಸ್ಸೆಮ್ಮೆಸ್, ಮೇಲ್. ಬೆಳಿಗ್ಗೆ ಯಾರೋ "ಕಪ್ ಆಫರ್, ಇವತ್ತು ಸಂಜೆ 7ಕ್ಕೆ" ಅಂತ ಹಾಕಿಟ್ಟಿರ್ತಾರೆ. ಸತ್ತ ಮನೆಯವರ ಫೋನಿಗೂ ಅದು ಹೋಗಬಹುದು. ಕೊನೆಗೆ, ನಿಮಗಾಗಿ ರೀಲ್ ಮಾಡ್ತಾ ಇರೋ ಇನ್‌ಫ್ಲುಯೆನ್ಸರ್‌ಗೆ ಒಂದು ಫೋನ್.

ಒಟ್ಟು ಇಪ್ಪತ್ತು ನಿಮಿಷ. ಆದ್ರೆ ಪಾಸ್‌ವರ್ಡ್ ನಿಮ್ಮ ಹತ್ರ ಇದ್ರೆ ಮಾತ್ರ. ಎಷ್ಟೋ ಕಡೆ ಜಾಹೀರಾತಿನ ಖಾತೆ ಹೊರಗಿನ ಏಜೆನ್ಸಿ ಕೈಲಿರುತ್ತೆ, ಅವರು ಆರು ಗಂಟೆಗೆ ಮನೆಗೆ ಹೋಗಿರ್ತಾರೆ. ನಿಲ್ಲಿಸೋ ಅಧಿಕಾರ ಇಬ್ಬರಿಗಿರಬೇಕು. ಹಾಕೋಕೆ ಮಾಲೀಕರ ಒಪ್ಪಿಗೆ ಬೇಕಾದ್ರೆ ಬೇಕು, ನಿಲ್ಲಿಸೋಕೆ ಯಾರನ್ನೂ ಕೇಳಬಾರದು.

ಧಾರವಾಡ_ಪೇಢೆ

ರಾತ್ರಿ ಹಾಕಿದ್ದ ಪೋಸ್ಟ್ ಏನ್ ಮಾಡೂದ್ರಿ? ತಗೀಬೇಕೋ ಬ್ಯಾಡೋ?

ಹಳೇಕಾಪಿರೈಟರ್

ಗೆಲುವಿನ ರಾತ್ರಿಯ ಪೋಸ್ಟ್ ಆ ರಾತ್ರಿಯದ್ದು, ತಾರೀಖು ಕಾಣುತ್ತೆ, ಇರಲಿ ಬಿಡಿ. ಪಿನ್ ಮಾಡಿದ್ರೆ ಪಿನ್ ತೆಗೀರಿ. "ಬನ್ನಿ, ಸೇರಿ" ಅಂತ ಕರೆದ ಪೋಸ್ಟ್ ಏನಾದ್ರೂ ಇದ್ರೆ ತೆಗೆಯಲೇಬೇಕು, ತೆಗೆದಿದ್ದೀವಿ ಅಂತ ಒಂದು ಸಾಲು ಹೇಳಿ. ಕಮೆಂಟ್ ಬಂದ್ ಮಾಡಿ ಕೂತ್ಕೊಳ್ಳೋದು ಎಲ್ಲಕ್ಕಿಂತ ಕೆಟ್ಟದು.

ಕರಾರುಪತ್ರ

ಇಲ್ಲಿ ನಾನು ಒಪ್ಪಲ್ಲ. ನನ್ನ ಪ್ರಕಾರ ರಾತ್ರಿಯದ್ದನ್ನೂ ಆರ್ಕೈವ್‌ಗೆ ಹಾಕಬೇಕು. ಸ್ಕ್ರೀನ್‌ಶಾಟ್ ತೆಗೆಯೋರು ತಾರೀಖು ಕತ್ತರಿಸಿ ತೆಗೀತಾರೆ. ವಾರ ಕಳೆದ ಮೇಲೆ ವಾಪಸ್ ತರಬಹುದು.

ರೀಚ್‌ರಾಜ

ಇಬ್ಬರೂ ಒಂದು ಬಿಟ್ರಿ. ಕಪ್ಪು ಹಿನ್ನೆಲೆ, ಒಂದು ದೀಪ, "ಸಂತಾಪ" ಅಂತ ಹಾಕಲೇಬೇಕು. ಇಲ್ಲ ಅಂದ್ರೆ "ಸಂಭ್ರಮಕ್ಕೆ ಬಂದ್ರಿ, ದುಃಖಕ್ಕೆ ಬರಲಿಲ್ಲ" ಅಂತ ಜನ ಕೇಳ್ತಾರೆ.

ಹಳೇಕಾಪಿರೈಟರ್

ಕೇಳೋರು ಇರ್ತಾರೆ, ಇಲ್ಲ ಅನ್ನಲ್ಲ. ಆದ್ರೆ ಕಾಫಿ ಪುಡಿಯ ಲೋಗೋ ಕೆಳಗಿರೋ ದೀಪದ ಚಿತ್ರ ಯಾರಿಗೆ ಸಮಾಧಾನ ಕೊಡುತ್ತೆ? ಸುಮ್ಮನಿರೋದು ವಾಸಿ ಅನ್ನೋ ಕಡೆ ನಾನು. ಅಂಗಡಿ ಆ ರಸ್ತೆಯಲ್ಲೇ ಇದ್ದು, ನೀರು ಕೊಟ್ಟಿದ್ದೀರಿ, ಬಾಗಿಲು ತೆರೆದಿಟ್ಟಿದ್ದೀರಿ ಅಂದ್ರೆ ಆ ಮಾಹಿತಿ ಕೊಡಿ, ಅದು ಉಪಯೋಗಕ್ಕೆ ಬರುತ್ತೆ.

ಧಾರವಾಡ_ಪೇಢೆ

ನಾ ರಾಜಣ್ಣನ ಕಡೆ ಅರ್ಧ ಇದ್ದೀನ್ರಿ. ನಮ್ಮೂರಾಗ ಸಾವಿನ ಮನಿಗೆ ಹೋಗಿ ಏನೂ ಮಾತಾಡಲಾರದ ಕೂತು ಬಂದ್ರೂ ಹೋಗಬೇಕು ಅಂತಾರ. ಲೋಗೋ ತಗದು ಎರಡು ಸಾಲು ಬರದ್ರ ತಪ್ಪೇನು? ಲೋಗೋ ಇದ್ರ ಮಾತ್ರ ತಪ್ಪು.

ಡಿಕಾಕ್ಷನ್_ಡೆಸ್ಕ್

ಇದು ನಮ್ಮ ಮಾಲೀಕರಿಗೂ ನನಗೂ ಬಗೆಹರಿಯದ ಜಗಳ, ಇಲ್ಲೂ ಬಗೆಹರಿಯಲ್ಲ ಬಿಡಿ. ರೀಲ್ಸ್ ಹಾಡಿನ ವಿಷಯ ಹೇಳಿ. ಎಲ್ಲರೂ ಒಂದು ಸಿನಿಮಾ ಹಾಡಿಗೆ ಮಾಡ್ತಾರೆ, ನಮ್ಮ ಬಿಸಿನೆಸ್ ಖಾತೆಯಲ್ಲಿ ಆ ಹಾಡು ಕಾಣೋದೇ ಇಲ್ಲ.

ರೀಚ್‌ರಾಜ

ಸುಲಭ. ಖಾತೆಯನ್ನ ಕ್ರಿಯೇಟರ್‌ಗೆ ಬದಲಾಯಿಸಿ, ಹಾಡು ಬರುತ್ತೆ. ಇಲ್ಲಾಂದ್ರೆ ಯಾರೋ "Original audio" ಅಂತ ಹಾಕಿರೋ ಅದೇ ಹಾಡಿನ ತುಣುಕು ತಗೊಳ್ಳಿ.

ಕರಾರುಪತ್ರ

ಕಾಣುತ್ತೆ ಅನ್ನೋದೂ ಬಳಸಬಹುದು ಅನ್ನೋದೂ ಒಂದೇ ಅಲ್ಲ. ಬಿಸಿನೆಸ್ ಖಾತೆಗೆ ಆ ಹಾಡು ತೋರಿಸದೇ ಇರೋದಕ್ಕೆ ಕಾರಣವೇ ಅದರ ಪರವಾನಗಿ ವೈಯಕ್ತಿಕ ಬಳಕೆಗೆ ಮಾತ್ರ ಅನ್ನೋದು. ಖಾತೆಯ ಬಗೆ ಬದಲಾಯಿಸಿದ್ರೆ ನೀವು ಪುಡಿ ಮಾರೋರು ಅನ್ನೋದು ಬದಲಾಗಲ್ಲ. ಯಾರೋ ಅಪ್‌ಲೋಡ್ ಮಾಡಿದ ತುಣುಕಿಗೆ "Original audio" ಅಂತ ಹೆಸರು ಬಂದ ಮಾತ್ರಕ್ಕೆ ಹಾಡು ಅವನದ್ದಾಗಲ್ಲ. ಅಮೆರಿಕದಲ್ಲಿ ಬ್ಯಾಂಗ್ ಅನ್ನೋ ಪಾನೀಯ ಕಂಪನಿ ಮೇಲೆ ಸೋನಿ ಮ್ಯೂಸಿಕ್ 2021ರಲ್ಲಿ ಕೇಸ್ ಹಾಕಿದ್ದು ಇಂಥದ್ದೇ ಕಿರು ವಿಡಿಯೋಗಳಿಗೆ. ಮಾರನೇ ವರ್ಷ ಕೋರ್ಟ್ ಕಂಪನಿಯ ಸ್ವಂತ ವಿಡಿಯೋಗಳ ವಿಷಯದಲ್ಲಿ ಸೋನಿ ಪರ ನಿಂತಿತು.

ಹಳೇಕಾಪಿರೈಟರ್

ವ್ಯವಹಾರದ ದೃಷ್ಟಿಯಿಂದಲೂ ನಷ್ಟ. ಅಂಥ ಹಾಡಿರೋ ರೀಲ್ ಬೂಸ್ಟ್ ಆಗಲ್ಲ, ಮತ್ತೆ ಯಾವತ್ತೋ ಒಂದು ದಿನ ಶಬ್ದ ಹೋಗಿ ಮೂಕಿ ಚಿತ್ರ ಆಗಿರುತ್ತೆ. Meta Sound Collection ನಲ್ಲಿರೋದನ್ನ ಬಳಸಿ, ಇಲ್ಲ ಅಂದ್ರೆ ನಿಮ್ಮ ಸ್ವಂತ ಶಬ್ದ. ಕಾಫಿಯವರಿಗೆ ಅದಕ್ಕೇನು ಬರ? ಲೋಟದಿಂದ ದಬರಿಗೆ ಎತ್ತಿ ಸುರಿಯೋ ಸದ್ದು ಇದೆಯಲ್ಲ. ಟ್ರೆಂಡಿನ ಕಟ್ಟಿಂಗ್ ಮಾತ್ರ ತಗೊಳ್ಳಿ, ಹಾಡು ಬಿಡಿ.

ಡಿಕಾಕ್ಷನ್_ಡೆಸ್ಕ್

ಹಾಕಿದ ಮೇಲೆ ಕೆಡ್ತಾ ಇದೆ ಅಂತ ಎಷ್ಟು ಬೇಗ ಗೊತ್ತಾಗುತ್ತೆ? ಮತ್ತೆ, ಚೆನ್ನಾಗಿ ಹೋಯ್ತು ಅಂತ ಮಾಲೀಕರಿಗೆ ಯಾವುದನ್ನ ತೋರಿಸಲಿ?

ರೀಚ್‌ರಾಜ

ಇದು ನಂಗೆ ಗೊತ್ತು. ಮೊದಲ ಒಂದು ಗಂಟೆ ಫೋನ್ ಕೆಳಗಿಡಬೇಡಿ. ಎಕ್ಸ್‌ನಲ್ಲಿ ರೀಪೋಸ್ಟ್‌ಗಿಂತ ಕೋಟ್ ಜಾಸ್ತಿ ಆಗ್ತಾ ಇದ್ರೆ ಜನ ನಿಮ್ಮನ್ನ ಹಂಚ್ತಾ ಇಲ್ಲ, ನಿಮ್ಮ ಮೇಲೆ ಮಾತಾಡ್ತಾ ಇದಾರೆ ಅಂತ. ತಕ್ಷಣ ಕೋಟ್‌ಗಳನ್ನ ತೆರೆದು ಓದಿ. ಇನ್‌ಸ್ಟಾದಲ್ಲಿ ಲೈಕ್‌ಗೆ ಹೋಲಿಸಿದ್ರೆ ಕಮೆಂಟ್ ಮಾಮೂಲಿಗಿಂತ ತುಂಬಾ ಜಾಸ್ತಿ ಇದ್ರೂ ಹಾಗೇ. ಟ್ರೆಂಡ್ ಹಳಸಿದೆಯಾ ಅಂತ ನೋಡೋಕೆ ನಿಮ್ಮ ಮನೆಯ ವಾಟ್ಸಾಪ್ ಗ್ರೂಪ್ ಸಾಕು. ಚಿಕ್ಕಪ್ಪ ಅದನ್ನ ಫಾರ್ವರ್ಡ್ ಮಾಡಿದಾರೆ ಅಂದ್ರೆ ಇನ್ನು ಮುಟ್ಟಬೇಡಿ.

ಹಳೇಕಾಪಿರೈಟರ್

ಇದಕ್ಕೆ ನನ್ನ ಪೂರ್ತಿ ಒಪ್ಪಿಗೆ. ಗೂಗಲ್ ಟ್ರೆಂಡ್ಸ್‌ನಲ್ಲೂ ಕರ್ನಾಟಕ, Past 4 hours ಅಂತ ಇಟ್ಟು ಕೆಳಗಿನ Related queries ನಲ್ಲಿ Rising ನೋಡಿ. ಅಲ್ಲಿ "ಸಾವು", "ಬಂಧನ", "ಎಫ್‌ಐಆರ್" ಥರದ ಪದ ಏರ್ತಾ ಇದ್ರೆ ಸಂಗತಿ ತಿರುಗ್ತಾ ಇದೆ.

ಮಾಲೀಕರಿಗೆ ಲೈಕ್ ತೋರಿಸಬೇಡಿ. ನಿಮ್ಮ ಹಿಂದಿನ 20 ಪೋಸ್ಟ್‌ಗಳನ್ನ ರೀಚ್ ಪ್ರಕಾರ ಸಾಲಾಗಿ ಇಟ್ಟು ಮಧ್ಯದ್ದನ್ನ ಹಿಡೀರಿ, ಟ್ರೆಂಡ್ ಪೋಸ್ಟ್ ಅದಕ್ಕಿಂತ ಎಷ್ಟು ಮೇಲೆ ಹೋಯ್ತು ನೋಡಿ. ಸರಾಸರಿ ಬೇಡ, ಹಿಂದೊಮ್ಮೆ ಓಡಿದ ಒಂದು ರೀಲ್ ಇಡೀ ಲೆಕ್ಕ ಕೆಡಿಸುತ್ತೆ. ಆಮೇಲೆ ಪ್ರೊಫೈಲ್‌ಗೆ ಬಂದವರು, ಅದರಲ್ಲಿ ಲಿಂಕ್ ಒತ್ತಿದವರು. ರೀಚ್ ಹತ್ತು ಪಟ್ಟು, ಲಿಂಕ್ ಒತ್ತಿದವರು ಮಾತ್ರ ಮೊದಲಿನಷ್ಟೇ ಅಂದ್ರೆ ನೀವು ಜನರನ್ನ ನಗಿಸಿದ್ರಿ, ಪುಡಿ ನೆನಪಾಗಲಿಲ್ಲ.

ಡಿಕಾಕ್ಷನ್_ಡೆಸ್ಕ್

ಅಂಕಪಟ್ಟಿ ಹರಿದು ಹಾಕಿದೆ. ಮೂರು ಪ್ರಶ್ನೆ ಗೋಡೆಗೆ ಅಂಟಿಸ್ತೀನಿ, ಜಾಹೀರಾತು ಖಾತೆಯ ಪಾಸ್‌ವರ್ಡ್ ನಾಳೆನೇ ಏಜೆನ್ಸಿಯಿಂದ ಇಸ್ಕೊಳ್ತೀನಿ. ಒಂದೇ ಉಳೀತು. ಮುಂದಿನ ಸೀಸನ್‌ಗೆ ಕೆಂಪು ಲೋಟ, ಚಿನ್ನದ ಬಣ್ಣದ ದಬರಿ, ಪದವೇ ಇಲ್ಲದ ಪೋಸ್ಟ್. ಬರೀ ಬಣ್ಣ. ಇದಕ್ಕೂ ನೋಟಿಸ್ ಬರುತ್ತಾ?

ಕರಾರುಪತ್ರ

ಒಂದು ಪೋಸ್ಟ್ ಆದ್ರೆ ಬಣ್ಣ ಯಾರಪ್ಪನ ಸೊತ್ತೂ ಅಲ್ಲ ಅಂತ ವಾದಿಸ್ತೀನಿ. ಪ್ರತಿ ಮ್ಯಾಚಿಗೂ ಅದೇ ಬಣ್ಣ, ಅದೇ ಹೊತ್ತು, ಜತೆಗೆ ಆಫರ್ ಅಂತ ಎರಡು ತಿಂಗಳು ಹಾಕಿದ್ರೆ ನಿಮ್ಮನ್ನ ಪ್ರಾಯೋಜಕರು ಅಂದ್ಕೊಂಡರು ಅಂತ ಎದುರು ಕಡೆಯವರು ವಾದಿಸ್ತಾರೆ.

ಹಳೇಕಾಪಿರೈಟರ್

ಅಷ್ಟು ಎಳೆಯೋದು ಬೇಡ ವಕೀಲರೇ. ಕೆಂಪು ಹಳದಿ ನಮ್ಮ ಬಾವುಟದ ಬಣ್ಣವೂ ಹೌದು.

ಕರಾರುಪತ್ರ

ಹಳದಿಗೂ ಚಿನ್ನಕ್ಕೂ ವ್ಯತ್ಯಾಸ ಇದೆ ಸ್ವಾಮಿ.

ದಾವಣಗೆರೆ_ಬೇಕ್ಸ್

ಹಾಗಾದ್ರೆ ಕೆಂಪು ಕೇಕಿಗೆ ಚಿನ್ನದ ಬಾಲ್ಸ್ ಹಾಕಬಹುದಾ ಬೇಡ್ವಾ?